ಪದಚರ್ಚೆ: ಓವರ್‌ಲೇ, ಅಂಡರ್‌ಲೇಗೆ ಕನ್ನಡದಲ್ಲಿ ಏನೆನ್ನೋಣ?

ಸುಮಾ: ವಿಎಕ್ಸ್‌ಲ್ಯಾನ್-ಇವಿಪಿಎನ್ ಕೈಪಿಡಿಯೊಂದರ ಅನುವಾದ ನಾಳೆ ಅಚ್ಚಿಗೆ ಹೋಗಬೇಕು. ಒಂದು ವಾಕ್ಯ ಬಗೆಹರಿಯುತ್ತಿಲ್ಲ: "ಅಂಡರ್‌ಲೇ ಎಂಟಿಯು 9216ಕ್ಕೆ ಏರಿಸಿ, ಓವರ್‌ಲೇ 1500 ಇರಲಿ." ತಳಪದರ, ಮೇಲ್ಪದರ ಎಂದರೆ ನಡೆದೀತೇ?

ರಾಘವೇಂದ್ರ: ನಡೆಯದು. 'ಪದರ' ಆಗಲೇ ಲೇಯರ್‌ಗೆ ಮೀಸಲಾಗಿದೆ. ಮೇಲ್ಪದರ ಎಂದರೆ ಮೂರನೇ ಲೇಯರ್ ಎಂದುಕೊಳ್ಳುತ್ತಾರೆ. ಇಲ್ಲಿ ಎರಡನೇ ಲೇಯರಿನ ಫ್ರೇಮೇ ಮೂರನೆಯದರ ಹೆಗಲೇರಿದೆ. ಮೇಲ್ಜಾಲ, ಅಡಿಜಾಲ ಎನ್ನಿ.

ಕೇಶವ: ಮೇಲ್ಜಾಲ ಅರಿಸಮಾಸ. 'ಬಲೆ' ಇರುವಾಗ ಜಾಲವೇಕೆ? ಮೇಲ್ಬಲೆ, ಅಡಿಬಲೆ.

ರಾಘವೇಂದ್ರ: ಬಲೆಯಲ್ಲಿ ಮೀನು ಹಿಡಿಯಿರಿ. 'ಮೇಲಧಿಕಾರಿ' ಬರೆಯುವಾಗ ಈ ಸಮಾಸ ಚುಚ್ಚುವುದಿಲ್ಲವೇ?

ಗಿರೀಶ: ಪದ ಯಾವುದಾದರೇನು? ಸುರಂಗ ಕಟ್ಟುವುದು ಇವಿಪಿಎನ್. ಸರ್ವರಿನಿಂದ ಸರ್ವರಿಗೆ ಪಿಂಗ್ ಹೋದರೆ ಎಂಟಿಯು ಸರಿಯಿದೆ ಎಂದೇ ಅರ್ಥ.

ಲತಾ: ಅರ್ಧ ಸರಿ, ಗಿರೀಶ್. ಯಾವ ಮ್ಯಾಕ್ ಯಾವ ಲೀಫ್ ಹಿಂದಿದೆ ಎಂದು ಬಿಜಿಪಿಯಲ್ಲಿ ಸಾರುವುದು ಇವಿಪಿಎನ್, ಹೊರುವುದು ವಿಎಕ್ಸ್‌ಲ್ಯಾನ್. ಸಣ್ಣ ಪಿಂಗ್ ಏನನ್ನೂ ಸಾಬೀತು ಮಾಡುವುದಿಲ್ಲ. ಸರ್ವರಿನ 1500 ಬೈಟಿನ ಪ್ಯಾಕೆಟ್ ಲಕೋಟೆಯೊಳಗೆ ಸೇರಿದಾಗ ಹೊರಗಿನ ಐಪಿ ಪ್ಯಾಕೆಟ್ 1550 ಬೈಟ್ ಆಗುತ್ತದೆ. ನಾಲ್ಕು ಸ್ಪೈನ್ ಇದ್ದು, ಒಂದರ ಪೋರ್ಟು ಮಾತ್ರ 1500ರಲ್ಲೇ ಉಳಿದಿದೆ ಎನ್ನಿ. ಬಿಜಿಪಿ ನೆಟ್ಟಗಿರುತ್ತದೆ, ಮ್ಯಾಕ್ ಪಟ್ಟಿಯೂ ಸರಿ, ಎಸ್‌ಎಸ್‌ಎಚ್ ಕೂಡ ತೆರೆಯಬಹುದು. ದೊಡ್ಡ ಫೈಲ್ ಮಾತ್ರ ನಡುವೆ ನಿಂತುಬಿಡುತ್ತದೆ, ಅದೂ ಸುಮಾರು ಕಾಲು ಭಾಗ ಸಂಪರ್ಕಗಳಲ್ಲಿ. ಯಾವ ಸ್ಪೈನ್ ದಾರಿ ಎಂಬುದು ಹ್ಯಾಶ್ ಮೇಲೆ ಹೋಗುತ್ತದಲ್ಲ. ಲೂಪ್‌ಬ್ಯಾಕ್‌ಗೆ ಪಿಂಗ್ ಮಾಡಿದರೂ ಅದು ಒಳ್ಳೆಯ ದಾರಿ ಹಿಡಿದು ನಿಮ್ಮನ್ನು ನಂಬಿಸೀತು. ಲಿನಕ್ಸ್ ಸ್ವಿಚ್ಚಾದರೆ ಪ್ರತಿ ಲಿಂಕಿನ ಆಚೆ ತುದಿಯ ವಿಳಾಸಕ್ಕೇ ಕಳಿಸಬೇಕು:

```
ping -M do -s 1522 10.0.1.1
```

1522ಕ್ಕೆ ಹೆಡರುಗಳ 28 ಸೇರಿದರೆ 1550. ಈಚೆಯ ಪೋರ್ಟು ಚಿಕ್ಕದಿದ್ದರೆ `message too long` ಎಂದು ತಕ್ಷಣ ಬೈಯುತ್ತದೆ. ಆಚೆಯದು ಚಿಕ್ಕದಿದ್ದರೆ ಬರಿಯ ಮೌನ.

ಇಂದಿರಾ: ಲೀಫ್-ಸ್ಪೈನ್‌ಗೆ ನಾನು 'ಎಲೆ-ಬೆನ್ನೆಲುಬು' ಎಂದು ಬರೆದಿದ್ದೆ, ಸಂಪಾದಕರು ಹೊಡೆದುಹಾಕಿದರು. ನ್ಯಾಯವೇ?

ಲತಾ: ನ್ಯಾಯವೇ. ಸುಮಾ ಅವರೇ, ಆ ವಾಕ್ಯದಲ್ಲಿ ಎರಡೂ ಪದ ಬೇಡ. ರಾತ್ರಿ ಪಾಳಿಯವರು ಅಡಿ-ಮೇಲು ಅದಲುಬದಲು ಮಾಡಿಕೊಂಡರೆ ಸರ್ವರುಗಳ ಎಂಟಿಯು ಏರಿಸಿ ಕೂರುತ್ತಾರೆ. ಆಗ ಒಳಗಿನ ಪ್ಯಾಕೆಟ್ಟೇ ಹಿಗ್ಗಿ, ಕೆಟ್ಟದ್ದು ಇನ್ನಷ್ಟು ಕೆಡುತ್ತದೆ. ಹೀಗೆ ಬರೆಯಿರಿ: "ಲೀಫ್ ಮತ್ತು ಸ್ಪೈನ್ ನಡುವಿನ ಎಲ್ಲ ಪೋರ್ಟುಗಳಲ್ಲಿ, ಎರಡೂ ತುದಿಯಲ್ಲಿ, ಎಂಟಿಯು 9216. ಸರ್ವರುಗಳದ್ದು 1500 ಇರಲಿ."

ಸುಮಾ: ಇದನ್ನೇ ಹಾಕುತ್ತೇನೆ. ಆದರೆ ಅಧ್ಯಾಯದ ಶೀರ್ಷಿಕೆಗೆ ಪದ ಬೇಕೇಬೇಕು. ಸದ್ಯಕ್ಕೆ ಅಡಿಜಾಲ.

ಕೇಶವ: ಪೋರ್ಟು ಏಕೆ? ಕಿಂಡಿ ಎನ್ನಬಹುದಲ್ಲ.

ರಾಘವೇಂದ್ರ: ಸ್ವಿಚ್ಚಿಗೆ ಏನೆನ್ನುತ್ತೀರಿ, ಅದನ್ನು ಮೊದಲು ಹೇಳಿ.