ಎರಡೂ ವಿಧಾನದಲ್ಲಿ 1090 ತಾಳೆಯಾಗುತ್ತಿದೆ, ಆದರೆ ಉತ್ತರ 1050. ತಪ್ಪು ಎಲ್ಲಿದೆ?

ಬೇಲಿಹೂ

ರಾಷ್ಟ್ರೀಯ ಆದಾಯದ ಒಂದು ಲೆಕ್ಕದಲ್ಲಿ ಎರಡು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ. ವೆಚ್ಚ ವಿಧಾನ, ಆದಾಯ ವಿಧಾನ ಎರಡರಿಂದಲೂ ಉತ್ಪಾದನಾಂಗ ವೆಚ್ಚದಲ್ಲಿ ನಿವ್ವಳ ರಾಷ್ಟ್ರೀಯ ಉತ್ಪನ್ನ ಕಂಡುಹಿಡಿಯಬೇಕು. ಅಂಕಿಗಳೆಲ್ಲ ಕೋಟಿಗಳಲ್ಲಿವೆ.

ಖಾಸಗಿ ಅಂತಿಮ ಬಳಕೆ ವೆಚ್ಚ 800
ಸರ್ಕಾರದ ಅಂತಿಮ ಬಳಕೆ ವೆಚ್ಚ 200
ಒಟ್ಟು ಸ್ಥಿರ ಬಂಡವಾಳ ನಿರ್ಮಾಣ 220
ದಾಸ್ತಾನಿನಲ್ಲಿ ಏರಿಕೆ 30
ನಿವ್ವಳ ರಫ್ತು −20
ಸವಕಳಿ 70
ಪರೋಕ್ಷ ತೆರಿಗೆ 120, ಸಹಾಯಧನ 20
ವಿದೇಶದಿಂದ ನಿವ್ವಳ ಉತ್ಪಾದನಾಂಗ ಆದಾಯ −10
ನೌಕರರ ಸಂಭಾವನೆ 560
ಬಾಡಿಗೆ 60, ಬಡ್ಡಿ 90, ಲಾಭ 150
ಸ್ವಉದ್ಯೋಗಿಗಳ ಮಿಶ್ರ ಆದಾಯ 200
ಸರ್ಕಾರ ಕೊಟ್ಟ ವೃದ್ಧಾಪ್ಯ ವೇತನ ಮತ್ತು ವಿದ್ಯಾರ್ಥಿವೇತನ 40

ಕೊನೆಯ 40 ಸರ್ಕಾರ ಮಾಡಿದ ಖರ್ಚು ಅಲ್ವಾ? ಅದಕ್ಕೇ ವೆಚ್ಚ ವಿಧಾನದಲ್ಲಿ ಸರ್ಕಾರದ ವೆಚ್ಚಕ್ಕೆ ಸೇರಿಸಿದೆ. ಅದೇ ಹಣ ಜನರ ಕೈಗೆ ಬಂದಿದೆ, ಹಾಗಾಗಿ ಆದಾಯ ವಿಧಾನದಲ್ಲಿ ನೌಕರರ ಸಂಭಾವನೆಗೂ ಸೇರಿಸಿದೆ. ನನ್ನ ಲೆಕ್ಕ ಹೀಗಿದೆ:

```
800 + 240 + 220 + 30 - 20 = 1270
1270 - 70 - 100 - 10 = 1090

600 + 60 + 90 + 150 + 200 = 1100
1100 - 10 = 1090
```

ಎರಡೂ ಒಂದೇ ಬಂದಿದೆ. ಆದರೆ ಹಿಂದೆ ಕೊಟ್ಟಿರುವ ಉತ್ತರ 1050. ಎರಡು ವಿಧಾನ ತಾಳೆಯಾದ ಮೇಲೆ ಲೆಕ್ಕ ಸರಿ ಇರಲೇಬೇಕಲ್ಲವಾ? ಉತ್ತರವೇ ತಪ್ಪಾಗಿ ಅಚ್ಚಾಗಿರಬಹುದಾ?

ಮಳೆನೀರು

ಅಚ್ಚಿನ ತಪ್ಪಲ್ಲ. ನಿಮಗೂ ಉತ್ತರಕ್ಕೂ ಇರುವ ವ್ಯತ್ಯಾಸ ನೋಡಿ, ಸರಿಯಾಗಿ 40. ಅದು ವರ್ಗಾವಣೆ ಪಾವತಿ. ವರ್ಗಾವಣೆ ಪಾವತಿಯನ್ನು ರಾಷ್ಟ್ರೀಯ ಆದಾಯದಲ್ಲಿ ಕಳೆಯಬೇಕು. ಸರ್ಕಾರದ ವೆಚ್ಚ 200ರಲ್ಲಿ 40 ಕಳೆದು 160 ಹಾಕಿ. ಆ ಕಡೆ 560ರಲ್ಲೂ 40 ಕಳೆಯಿರಿ.

ಬೇಲಿಹೂ

ಹಾಗೇ ಮಾಡಿದೆ. ಈಗ ಎರಡೂ ಕಡೆ 1010 ಬರುತ್ತಿದೆ! ಮತ್ತೆ ತಾಳೆ, ಮತ್ತೆ ತಪ್ಪು. ಮೊದಲು 40 ಜಾಸ್ತಿ ಇತ್ತು, ಈಗ 40 ಕಡಿಮೆ.

ದಾರಿಹೋಕ

ನನಗೆ ನೆನಪಿರುವಂತೆ ಸರ್ಕಾರದಿಂದ ಬಂದ ವರ್ಗಾವಣೆಯನ್ನು ಕೂಡಿಸಲೇಬೇಕು. ನಾನು ಹೋದ ವರ್ಷ ಬರೆದ ಲೆಕ್ಕದಲ್ಲಿ ಕೂಡಿಸಿದ್ದೆ, ಪೂರ್ತಿ ಅಂಕ ಬಂದಿತ್ತು. ನಿಮ್ಮ 1090 ಸರಿ ಇದೆ ಅನ್ನಿಸುತ್ತದೆ.

ಹಳೇ ಮೇಷ್ಟ್ರು

ಬೇಲಿಹೂ, ನಿಮ್ಮ ಸೂತ್ರಗಳಲ್ಲಿ ತಪ್ಪಿಲ್ಲ. ಸವಕಳಿ, ನಿವ್ವಳ ಪರೋಕ್ಷ ತೆರಿಗೆ, ವಿದೇಶದ ಆದಾಯ ಎಲ್ಲವೂ ಸರಿಯಾದ ಜಾಗದಲ್ಲಿವೆ. ಆ 40 ಒಂದನ್ನು ಮುಟ್ಟಲೇಬಾರದಿತ್ತು. ಕೂಡಿಸುವುದೂ ಬೇಡ, ಕಳೆಯುವುದೂ ಬೇಡ.

```
800 + 200 + 220 + 30 - 20 = 1230
1230 - 70 - 100 - 10 = 1050

560 + 60 + 90 + 150 + 200 = 1060
1060 - 10 = 1050
```

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ತಪ್ಪಾಗಿದ್ದರೂ ಎರಡೂ ಯಾಕೆ ತಾಳೆಯಾಯಿತು? ಒಬ್ಬರ ಖರ್ಚು ಇನ್ನೊಬ್ಬರ ಆದಾಯ ಎಂಬ ಯೋಚನೆಯಲ್ಲೇ ನೀವು ಹೋಗಿದ್ದೀರಿ. ಸರ್ಕಾರಕ್ಕೆ 40 ಖರ್ಚು, ಅಜ್ಜನಿಗೆ 40 ಆದಾಯ. ಆದರೆ ಈ ಎರಡರ ನಡುವೆ ಒಂದು ಕೆಲಸವೋ ವಸ್ತುವೋ ಇರಬೇಕು. ಸರ್ಕಾರ ಒಬ್ಬ ಶಿಕ್ಷಕರಿಗೆ ಸಂಬಳ ಕೊಟ್ಟರೆ ನಡುವೆ ಪಾಠ ಇದೆ. ವೃದ್ಧಾಪ್ಯ ವೇತನದ ನಡುವೆ ಆ ವರ್ಷ ಏನೂ ತಯಾರಾಗಿಲ್ಲ. ಹಣ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು, ಅಷ್ಟೇ. ಹಾಗೆ ಹೋಗುವಾಗ ಎರಡೂ ತುದಿಯಲ್ಲಿ ಒಂದೇ ಮೊತ್ತ ಕಾಣುತ್ತದೆ. ಎರಡೂ ತುದಿಯಲ್ಲಿ ಬರೆದುಕೊಂಡರೆ ಲೆಕ್ಕ ತಾಳೆಯಾಗದೆ ಇನ್ನೇನಾದೀತು? ಕಳೆದಾಗಲೂ ಹಾಗೇ, ಎರಡೂ ಕಡೆ ಕಳೆದಿರಿ, 1010ಕ್ಕೆ ತಾಳೆಯಾಯಿತು.

ನೀವು ಎರಡೂ ಕಡೆ ಒಂದೇ ರೀತಿ ನಡೆದುಕೊಂಡಿದ್ದೀರಿ ಎಂದಷ್ಟೇ ಆ ತಾಳೆ ಹೇಳುತ್ತದೆ. ಒಂದೇ ತಪ್ಪು ಎರಡು ಕಡೆ ಹೊಕ್ಕಿದ್ದರೆ ಅದು ಹಿಡಿಯುವುದಿಲ್ಲ. ಪ್ರಶ್ನೆಯಲ್ಲಿ ಉತ್ಪಾದನಾ ವಿಧಾನಕ್ಕೆ ಬೇಕಾದ ಅಂಕಿಗಳೂ ಇದ್ದರೆ ಅದರಿಂದ ಒಮ್ಮೆ ನೋಡಿ. ಅಲ್ಲಿ ಪ್ರತಿ ವಲಯದ ಉತ್ಪನ್ನದ ಮೌಲ್ಯದಿಂದ ಮಧ್ಯಂತರ ಬಳಕೆಯನ್ನು ಕಳೆಯುತ್ತೇವೆ. ವೃದ್ಧಾಪ್ಯ ವೇತನವನ್ನು ಯಾವ ಸಾಲಿನಲ್ಲಿ ಬರೆಯುತ್ತೀರಿ? ಜಾಗವೇ ಸಿಗುವುದಿಲ್ಲ. ಅಲ್ಲಿ 1230 ಬಂದು ಇಲ್ಲಿ 1270 ಬಂದಿದ್ದರೆ ತಪ್ಪು ತಕ್ಷಣ ಕಾಣುತ್ತಿತ್ತು.

ಬೇಲಿಹೂ

ಸರ್, ಅರ್ಥವಾಯಿತು. ಆದರೆ ಆ ಅಜ್ಜ ಹಣವನ್ನು ಇಟ್ಟುಕೊಳ್ಳುವುದಿಲ್ಲವಲ್ಲ. ಔಷಧಿ ಕೊಳ್ಳುತ್ತಾರೆ. ಆಗ ಅದು ವೆಚ್ಚ ಆಗಲಿಲ್ಲವಾ?

ಹಳೇ ಮೇಷ್ಟ್ರು

ಆಯಿತು. ಅದು ಖಾಸಗಿ ಅಂತಿಮ ಬಳಕೆ ವೆಚ್ಚದ 800ರ ಒಳಗೇ ಕೂತಿದೆ. ಔಷಧಿ ತಯಾರಿಸಿದವರ ಸಂಬಳ, ಲಾಭ ಆದಾಯ ವಿಧಾನದ ಕಡೆ ಬಂದಿವೆ. ವೃದ್ಧಾಪ್ಯ ವೇತನ ಕೊಟ್ಟಾಗ ಒಮ್ಮೆ, ಔಷಧಿ ಕೊಂಡಾಗ ಇನ್ನೊಮ್ಮೆ ಬರೆದರೆ ಒಂದೇ ಹಣವನ್ನು ಎರಡು ಸಲ ಎಣಿಸಿದಂತೆ.

ಮಳೆನೀರು

ಹಾಗಾದರೆ ನಾನು ಕಳೆಯಲು ಹೇಳಿದ್ದು ಯಾಕೆ ತಪ್ಪು? ವರ್ಗಾವಣೆ ಪಾವತಿ ಸೇರಬಾರದು ಎಂದ ಮೇಲೆ ತೆಗೆಯಬೇಕಲ್ಲವೇ? ನಾನು ಮಾಡಿದ ಎಷ್ಟೋ ಲೆಕ್ಕಗಳಲ್ಲಿ ಕಳೆದೇ ಸರಿ ಉತ್ತರ ಬಂದಿದೆ.

ಹಳೇ ಮೇಷ್ಟ್ರು

ನಿಮ್ಮ ಮಾತು ಅರ್ಧ ಸರಿ. ಒಳಗೆ ಇದ್ದರೆ ಮಾತ್ರ ತೆಗೆಯಬೇಕು. ಇಲ್ಲಿ ಒಳಗೆ ಇರಲೇ ಇಲ್ಲ.

ಪ್ರಶ್ನೆಯ ಪದಗಳನ್ನು ನಿಧಾನವಾಗಿ ಓದಿ. "ಸರ್ಕಾರದ ಅಂತಿಮ ಬಳಕೆ ವೆಚ್ಚ 200" ಎಂದಿದೆ. ಅಂತಿಮ ಬಳಕೆ ವೆಚ್ಚ ಎಂದಾಗಲೇ ವೃದ್ಧಾಪ್ಯ ವೇತನದಂಥವು ಹೊರಗೆ ಉಳಿದಿರುತ್ತವೆ. "ನೌಕರರ ಸಂಭಾವನೆ 560" ಎಂಬುದೂ ಹಾಗೆಯೇ, ದುಡಿದವರಿಗೆ ಕೊಟ್ಟದ್ದು ಮಾತ್ರ. ಇವುಗಳಿಂದ 40 ಕಳೆದರೆ ನಿಜವಾಗಿ ಆದ ಉತ್ಪಾದನೆಯನ್ನೇ ಕತ್ತರಿಸಿದ ಹಾಗೆ. ಅದೇ ಪ್ರಶ್ನೆ "ಸರ್ಕಾರದ ವೆಚ್ಚ 240, ಇದರಲ್ಲಿ ವರ್ಗಾವಣೆ ಪಾವತಿ 40 ಸೇರಿದೆ" ಎಂದಿದ್ದರೆ ನೀವು ಹೇಳಿದಂತೆ ಕಳೆಯಲೇಬೇಕಿತ್ತು. ನೀವು ಮಾಡಿದ ಲೆಕ್ಕಗಳು ಬಹುಶಃ ಆ ಬಗೆಯವು. "ಸೇರಿದೆ", "ಒಳಗೊಂಡು" ಎಂಬ ಪದ ಕಂಡರೆ ಕಳೆಯಿರಿ. ಬೇರೆ ಸಾಲಿನಲ್ಲಿ ಒಂಟಿಯಾಗಿ ಕೊಟ್ಟಿದ್ದರೆ ಸುಮ್ನೆ ಬಿಟ್ಟುಬಿಡಿ.

ದಾರಿಹೋಕ ಅವರೇ, ನೀವು ಕೂಡಿಸಿ ಅಂಕ ಪಡೆದದ್ದೂ ಸುಳ್ಳಲ್ಲ. ಆ ಪ್ರಶ್ನೆಯಲ್ಲಿ ಕೇಳಿದ್ದು ಖಾಸಗಿ ಆದಾಯವೋ ವೈಯಕ್ತಿಕ ಆದಾಯವೋ ಇರಬೇಕು, ಒಮ್ಮೆ ತೆಗೆದು ನೋಡಿ. ಜನರ ಕೈಗೆ ಎಷ್ಟು ಹಣ ಬಂತು ಎಂದು ಕೇಳಿದಾಗ ವೃದ್ಧಾಪ್ಯ ವೇತನ ಸೇರಲೇಬೇಕು. ದೇಶ ಎಷ್ಟು ಗಳಿಸಿತು ಎಂದು ಕೇಳಿದಾಗ ಸೇರಬಾರದು.

ದಾರಿಹೋಕ

ಹಳೇ ಪ್ರಶ್ನೆಪತ್ರಿಕೆ ಹುಡುಕಿದೆ. ಹೌದು ಸರ್, ವೈಯಕ್ತಿಕ ಆದಾಯ. ಪ್ರಶ್ನೆಯನ್ನು ಸರಿಯಾಗಿ ಓದದೆ ಬರೆದುಬಿಟ್ಟೆ. ಬೇಲಿಹೂ ಅವರೇ, ನನ್ನ ಮಾತು ಬಿಟ್ಟುಬಿಡಿ.

ಸಂಜೆಬಸ್ಸು

ನನ್ನದು ಇದಕ್ಕೆ ಉಲ್ಟಾ. ನನಗೆ ಎರಡೂ ವಿಧಾನ ತಾಳೆಯಾಗುತ್ತಲೇ ಇಲ್ಲ. ವೆಚ್ಚದ ಕಡೆ ನಿವ್ವಳ ದೇಶೀಯ ಉತ್ಪನ್ನ 640, ಆದಾಯದ ಕಡೆ 665. ಎರಡನ್ನೂ ಉತ್ಪಾದನಾಂಗ ವೆಚ್ಚಕ್ಕೆ ತಂದಿದ್ದೇನೆ. ಪ್ರಶ್ನೆಯಲ್ಲಿ ವೃದ್ಧಾಪ್ಯ ವೇತನ, ವಿದ್ಯಾರ್ಥಿವೇತನ ಯಾವುದೂ ಇಲ್ಲ. ಕೂಡಿಸುವುದರಲ್ಲಿ ತಪ್ಪಿದೆಯಾ ಎಂದು ನಾಲ್ಕು ಸಲ ನೋಡಿದೆ.

ಹಳೇ ಮೇಷ್ಟ್ರು

ಮೇಡಂ, ಪ್ರಶ್ನೆಯಲ್ಲಿ 25 ಎಂಬ ಅಂಕಿ ಎಲ್ಲಾದರೂ ಇದೆಯಾ ನೋಡಿ. ಒಂದೇ ಕಡೆ ತಪ್ಪಾಗಿದ್ದರೆ ವ್ಯತ್ಯಾಸದ ಮೊತ್ತವೇ ಸುಳಿವು ಕೊಡುತ್ತದೆ.

ಸಂಜೆಬಸ್ಸು

ಇದೆ! "ಬಡ್ಡಿ 70 (ರಾಷ್ಟ್ರೀಯ ಸಾಲದ ಮೇಲಿನ ಬಡ್ಡಿ 25 ಸೇರಿ)". ಆದರೆ ಬಡ್ಡಿ ಬಂಡವಾಳಕ್ಕೆ ಸಿಗುವ ಪ್ರತಿಫಲ ಅಲ್ವಾ? ಹಾಗೆಂದುಕೊಂಡು ಪೂರ್ತಿ 70 ಹಾಕಿದೆ.

ಹಳೇ ಮೇಷ್ಟ್ರು

ಬಡ್ಡಿ ಎಂಬ ಹೆಸರು ನೋಡಿ ಮೋಸ ಹೋಗುವುದು ಇಲ್ಲೇ. ಉದ್ಯಮ ಸಾಲ ಪಡೆದು ಯಂತ್ರ ಹಾಕಿ ಉತ್ಪಾದನೆ ಮಾಡಿದರೆ ಅದು ಕೊಡುವ ಬಡ್ಡಿ ಉತ್ಪಾದನಾಂಗ ಆದಾಯ. ಸರ್ಕಾರದ ಸಾಲ ಬಳಕೆಯ ಖರ್ಚಿಗೆ ಹೋಯಿತು ಎಂದು ಇಟ್ಟುಕೊಂಡು ಅದರ ಬಡ್ಡಿಯನ್ನು ನಮ್ಮ ಲೆಕ್ಕಗಳಲ್ಲಿ ವರ್ಗಾವಣೆ ಪಾವತಿ ಎಂದೇ ನೋಡುತ್ತಾರೆ. ಸರ್ಕಾರದ ಸಾಲವೆಲ್ಲ ಬಳಕೆಗೇ ಹೋಗುತ್ತದಾ ಎಂದು ನೀವು ವಾದ ಮಾಡಬಹುದು. ಆ ವಾದದಲ್ಲಿ ಹುರುಳಿದೆ. ಆದರೆ ಲೆಕ್ಕ ಬಿಡಿಸುವಾಗ ಈ ರೂಢಿಯನ್ನೇ ಹಿಡಿಯಬೇಕು.

ನಿಮಗೆ ತಾಳೆಯಾಗದೆ ಇದ್ದದ್ದಕ್ಕೂ ಕಾರಣ ಇದೆ. ಸರ್ಕಾರದ ಸೇವೆಗೆ ಮಾರುಕಟ್ಟೆ ಬೆಲೆ ಇಲ್ಲ. ಅದನ್ನು ಒದಗಿಸಲು ತಗಲಿದ ಸಂಬಳ, ಕೊಂಡ ಸಾಮಗ್ರಿ, ಸವಕಳಿ ಇವುಗಳಿಂದ ಅದರ ಮೌಲ್ಯ ಕಟ್ಟುತ್ತಾರೆ. ಸಾಲದ ಬಡ್ಡಿ ಅದರಲ್ಲಿ ಇಲ್ಲ. ಅಂದರೆ ವೆಚ್ಚದ ಕಡೆ ಈ 25 ಮೊದಲೇ ಇರಲಿಲ್ಲ, ಆದಾಯದ ಕಡೆ ಮಾತ್ರ ನುಸುಳಿತು. ನಿಮ್ಮ ಪ್ರಶ್ನೆಯಲ್ಲಿ "ಸೇರಿ" ಎಂದಿದೆ. ಹಾಗಾಗಿ ಇಲ್ಲಿ ಕಳೆಯಿರಿ.

ಸಂಜೆಬಸ್ಸು

70ರ ಬದಲು 45 ಹಾಕಿದೆ. 640 ಬಂತು. ವ್ಯತ್ಯಾಸಕ್ಕೆ ಸರಿಹೊಂದುವ ಅಂಕಿ ಹುಡುಕಬೇಕು ಎಂದು ಹೊಳೆದೇ ಇರಲಿಲ್ಲ ಸರ್.

ಮಳೆನೀರು

ಒಂದು ಅನುಮಾನ. ವ್ಯತ್ಯಾಸ 50 ಬಂದು, ಪ್ರಶ್ನೆಯಲ್ಲಿ 25 ಮಾತ್ರ ಇದ್ದರೆ?

ಹಳೇ ಮೇಷ್ಟ್ರು

ಆಗ ಅದೇ 25ನ್ನು ಒಂದು ಕಡೆ ಕೂಡಿಸಿ ಇನ್ನೊಂದು ಕಡೆ ಕಳೆದಿದ್ದೀರಾ ನೋಡಿ. ಪರೋಕ್ಷ ತೆರಿಗೆಯಿಂದ ಕಳೆಯಬೇಕಾದ ಸಹಾಯಧನವನ್ನು ಅದಕ್ಕೆ ಕೂಡಿಸಿದಾಗಲೂ ಹೀಗೆ ಎರಡರಷ್ಟು ವ್ಯತ್ಯಾಸ ಬರುತ್ತದೆ. ಹಾಗಾಗಿ ಅಂಕಿ ಸಿಕ್ಕಿದ ಕೂಡಲೇ ಅದೇ ಕಳ್ಳ ಎಂದು ತೀರ್ಮಾನ ಮಾಡಬೇಡಿ. ಒಂದೇ ಮೊತ್ತದ ಎರಡು ಐಟಂ ಇರಬಹುದು.

ಬೇಲಿಹೂ

ಸರ್, ಇನ್ನೊಂದು ಲೆಕ್ಕದಲ್ಲಿ "ನೌಕರರ ಸಂಭಾವನೆ 420" ಎಂದಿದೆ. ಅದರ ಕೆಳಗೆ ಬೇರೆ ಸಾಲಿನಲ್ಲಿ "ನಿವೃತ್ತ ನೌಕರರ ಪಿಂಚಣಿ 30" ಎಂದಿದೆ. ಇದನ್ನೂ ವೃದ್ಧಾಪ್ಯ ವೇತನದ ಹಾಗೆ ಬಿಡಬೇಕಾ?

ಸಂಜೆಬಸ್ಸು

ಬಿಡಬಾರದು. ಅವರು ದುಡಿದದ್ದಕ್ಕೆ ತಡವಾಗಿ ಸಿಗುವ ಸಂಬಳ ಅದು. ನಮಗೆ ಸಂಭಾವನೆಯಲ್ಲಿ ಸೇರಿಸಲು ಹೇಳಿಕೊಟ್ಟಿದ್ದಾರೆ.

ಮಳೆನೀರು

ನಮ್ಮ ಕಡೆ 420ರಲ್ಲೇ ಅದು ಇದೆ ಎಂದುಕೊಂಡು ಬಿಡುತ್ತೇವೆ.

ಹಳೇ ಮೇಷ್ಟ್ರು

ವೃದ್ಧಾಪ್ಯ ವೇತನಕ್ಕೂ ಇದಕ್ಕೂ ವ್ಯತ್ಯಾಸ ಇದೆ ಎಂಬುದು ಖಂಡಿತ. ಸಂಜೆಬಸ್ಸು ಅವರು ಹೇಳಿದಂತೆ ಇದು ಸೇವೆಗೆ ಅಂಟಿಕೊಂಡ ಹಣ, ಪಠ್ಯದ ಲೆಕ್ಕಗಳಲ್ಲಿ ಸಂಭಾವನೆಯ ಭಾಗ ಎಂದು ಹಿಡಿಯುವುದೇ ಹೆಚ್ಚು. ಆದರೆ ಪಿಂಚಣಿ ನಿಧಿಗೆ ಮಾಲೀಕರು ಕಟ್ಟಿದ ವಂತಿಗೆ 420ರಲ್ಲಿ ಆಗಲೇ ಸೇರಿದ್ದರೆ, ಅದೇ ಉದ್ದೇಶಕ್ಕೆ ಹಣ ಎರಡು ಸಲ ಬರುತ್ತದೆ. ಬೇಲಿಹೂ, ಆ ಪ್ರಶ್ನೆಯಲ್ಲಿ ವೆಚ್ಚ ವಿಧಾನದ ಅಂಕಿಗಳು ಇವೆಯಾ? ಇದ್ದರೆ 30 ಸೇರಿಸಿದಾಗ ತಾಳೆಯಾಗುತ್ತದಾ, ಬಿಟ್ಟಾಗ ಆಗುತ್ತದಾ ನೋಡಿ. ಪ್ರಶ್ನೆ ಬರೆದವರ ಮನಸ್ಸಲ್ಲಿ ಏನಿತ್ತು ಎಂದು ಗೊತ್ತಾಗುತ್ತದೆ.

ಬೇಲಿಹೂ

ಇಲ್ಲ ಸರ್. ಆದಾಯ ವಿಧಾನದ ಅಂಕಿಗಳು ಮಾತ್ರ ಇವೆ. ಹಿಂದೆ ಉತ್ತರವನ್ನೂ ಕೊಟ್ಟಿಲ್ಲ.

ಹಳೇ ಮೇಷ್ಟ್ರು

ಹಾಗಾದರೆ ಆ ಪ್ರಶ್ನೆಯಿಂದ ಮಾತ್ರ ತೀರ್ಮಾನ ಮಾಡಲು ಆಗದು. 30 ಸೇರಿಸಿ 450 ಹಾಕಿ, ಪಕ್ಕದಲ್ಲಿ "ಇದು ಸೇವೆಗೆ ಸಿಗುವ ಪಿಂಚಣಿ, 420ರಲ್ಲಿ ಸೇರಿಲ್ಲ ಎಂದು ಭಾವಿಸಿದ್ದೇನೆ" ಎಂದು ಒಂದು ಸಾಲು ಬರೆಯಿರಿ. ನಾನಾದರೆ ಹಾಗೆ ಬರೆಯುತ್ತೇನೆ. ಬೇರೆಯವರು ಒಪ್ಪದಿರಬಹುದು.

ಮಳೆನೀರು

ನಾನು ಈಗಲೂ ಬಿಡುತ್ತೇನೆ ಸರ್. ಆದರೆ ಆ ಒಂದು ಸಾಲನ್ನು ನಾನೂ ಬರೆಯುತ್ತೇನೆ.