ಆಸ್ಪತ್ರೆ ಬಿಲ್ ಫೋಟೋ ಇಂದ ಐಟಂ ವೈಸ್ ಲೆಕ್ಕ ತೆಗೆದಿರೋರು ಅನುಭವ ಹೇಳಿ

ಕೇಳಿದ್ದು: ಅಪ್ಪಂಗೆ ಅಪೆಂಡಿಕ್ಸ್ ಆಪರೇಷನ್ ಆಯ್ತು, ದುಡ್ಡು ನಾವೇ ಕಟ್ಟಿದ್ವಿ, ಈಗ ಇನ್ಶೂರೆನ್ಸ್ ಕಂಪನಿಗೆ ರಿಇಂಬರ್ಸ್‌ಮೆಂಟ್ ಹಾಕ್ಬೇಕು. ನಾಲ್ಕು ಪುಟದ ಬಿಲ್ಲು, ತಮ್ಮ ವಾಟ್ಸಾಪಲ್ಲಿ ಫೋಟೋ ಕಳ್ಸಿದಾನೆ. ಒಂದೊಂದು ಚಾರ್ಜೂ ಬೇರೆ ಬೇರೆ ಆಗೋ ಹಂಗೆ ಶೀಟಿಗೆ ತರೋದು ಹೇಗೆ?

ಬಿಲ್ಲಿಂಗಲ್ಲಿ ಇದ್ದವಳು: ಮೊದ್ಲು ತಮ್ಮಂಗೆ ಹೇಳಿ ಆ ಫೋಟೋನ ಡಾಕ್ಯುಮೆಂಟ್ ಅಂತ ಮತ್ತೆ ಕಳ್ಸೋಕೆ. ಮಾಮೂಲಿ ಫೋಟೋ ಥರ ಕಳ್ಸಿದ್ರೆ ವಾಟ್ಸಾಪ್ ಸೈಜ್ ಇಳ್ಸುತ್ತೆ, ಸಣ್ಣ ಅಕ್ಷರದಲ್ಲಿ 3 ಯಾವ್ದು 8 ಯಾವ್ದು ಗೊತ್ತಾಗಲ್ಲ. ಮೊಬೈಲ್ ಎಕ್ಸೆಲಲ್ಲಿ `Data from Picture` ಅಂತಿದೆ, ಅದು ಕಾಲಂ ಕಾಲಮಾಗೇ ತರುತ್ತೆ. ಗೂಗಲ್ ಡ್ರೈವಲ್ಲಿ ಡಾಕ್ಸ್ ಆಗಿ ಓಪನ್ ಮಾಡಿದ್ರೂ ಅಕ್ಷರ ಬರುತ್ತೆ, ಆದ್ರೆ ಕಾಲಂ ಎಲ್ಲಾ ಕಲಸಿಹೋಗುತ್ತೆ.

ಬಂದಮೇಲೆ ಅದನ್ನ ಹಂಗೇ ನಂಬ್ಬೇಡಿ. ಜಾಸ್ತಿ ತಪ್ಪೋದು ಚುಕ್ಕಿ, 118.40 ಇದ್ದಿದ್ದು 11840 ಆಗಿ ಕೂತಿರುತ್ತೆ. C ಕಾಲಮಲ್ಲಿ ಎಷ್ಟು, D ಲಿ ರೇಟು, E ಲಿ ಮೊತ್ತ ಇಟ್ಕೊಂಡು ಪಕ್ಕದಲ್ಲಿ ಇದನ್ನ ಹಾಕಿ ಕೆಳಗಿನವರೆಗೂ ಎಳೀರಿ:

```
=ROUND(C2*D2-E2,2)
```

ಸೊನ್ನೆ ಬರದ ಸಾಲು ಬಿಲ್ ನೋಡಿ ತಿದ್ದಿ. ರೇಟು, ಮೊತ್ತ ಎರಡರಲ್ಲೂ ಚುಕ್ಕಿ ಹೋಗಿದ್ರೆ ಸೊನ್ನೆನೇ ಬರುತ್ತೆ, ಅದಕ್ಕೆ ಒಟ್ಟು ಮೊತ್ತನೂ ಬಿಲ್ ಜೊತೆ ತಾಳೆ ನೋಡಿ. ಐಟಂ ಮೇಲೇ ಡಿಸ್ಕೌಂಟ್ ಕೊಟ್ಟಿದ್ರೆ ಅಲ್ಲೂ ಸೊನ್ನೆ ಬರಲ್ಲ, ಅದು ತಪ್ಪಲ್ಲ.

ಮೈಸೂರಿಂದ: ಗ್ಲೌಸು ಮಾಸ್ಕು ಇವನ್ನೆಲ್ಲ ನೀವೇ ತೆಗ್ದು ಕ್ಲೇಮ್ ಹಾಕಿ ಸರ್, ಇನ್ಶೂರೆನ್ಸ್ ನಿಯಂತ್ರಿಸೋ ಐಆರ್‌ಡಿಎಐದು ದುಡ್ಡು ಕೊಡದ ಐಟಂಗಳ ಲಿಸ್ಟಲ್ಲೇ ಇದೆ, ಯಾರೂ ಕೊಡಲ್ಲ.

ಬಿಲ್ಲಿಂಗಲ್ಲಿ ಇದ್ದವಳು: ಲಿಸ್ಟಲ್ಲಿ ಇರೋದು ನಿಜ ಸರ್, ಆದ್ರೆ ತೆಗೀಬೇಡಿ. ಕೆಲವು ಪಾಲಿಸಿಲಿ ಕನ್ಸ್ಯೂಮಬಲ್ಸ್ ಕವರ್ ಅಂತ ಬೇರೆ ತಗೊಂಡಿರ್ತಾರೆ, ಅವ್ರಿಗೆ ಸಿಗುತ್ತೆ. ಅದೂ ಅಲ್ದೆ ನಿಮ್ಮ ಮೊತ್ತ ಫೈನಲ್ ಬಿಲ್ಲಿಗೂ ದುಡ್ಡು ಕಟ್ಟಿದ ರಸೀದಿಗೂ ಹೊಂದ್ಲಿಲ್ಲ ಅಂದ್ರೆ ಅದಕ್ಕೇ ಒಂದು ಕ್ವೆರಿ ಬರುತ್ತೆ. ಪಕ್ಕದಲ್ಲಿ ಗುರುತು ಹಾಕ್ಕೊಳ್ಳಿ ಸಾಕು, ಕಟ್ ಮಾಡೋದು ಅವ್ರ ಕೆಲಸ.

ಹುಬ್ಬಳ್ಳಿಯಿಂದ: ನಮ್ಮದು ಕ್ಯಾಶ್‌ಲೆಸ್ ರಿಜೆಕ್ಟ್ ಆಗಿತ್ತರೀ, ಆಮ್ಯಾಲೆ ನಾವೂ ರೊಕ್ಕಾ ಕಟ್ಟಿ ಕ್ಲೇಮ್ ಹಾಕಿದ್ವಿ. ಬಿಲ್‌ನ್ಯಾಗ ಸರ್ಜಿಕಲ್ ಕಿಟ್ 9,400 ಅಂತ ಒಂದ ಸಾಲು ಇತ್ತು, ಒಳಗ ಏನೈತಿ ಅಂತ ಬರದಿರ್ಲಿಲ್ಲ, ಪೂರ್ತಿ ಕಟ್ ಮಾಡಿಬಿಟ್ರು. ಮತ್ತ ಆಸ್ಪತ್ರೆಗೆ ಹೋಗಿ ಕಿಟ್‌ನ್ಯಾಗ ಏನೇನು ಇತ್ತು ಅಂತ ಸೀಲ್ ಹಾಕಿಸ್ಕೊಂಡು ಕಳಿಸೇನಿ, ಇನ್ನೂ ಉತ್ತರ ಬಂದಿಲ್ಲ. ನೀವು ಮೊದಲ ಅಂಥಾ ಸಾಲು ಹುಡುಕ್ರಿ.

ಬಿಲ್ಲಿಂಗಲ್ಲಿ ಇದ್ದವಳು: ಹೌದು, ಡೀಟೇಲ್ಸ್ ಇಲ್ಲದ ಕಿಟ್ ಅಂತಾನೇ ಆ ಲಿಸ್ಟಲ್ಲಿ ಒಂದು ಸಾಲಿದೆ.

ಅಮ್ಮನ ಕ್ಲೇಮ್ ಮಾಡಿದವ್ನು: ನಾನು ಅಮ್ಮನ ಗಾಲ್‌ಬ್ಲಾಡರ್ ಆಪರೇಷನ್ ಬಿಲ್ ಹಿಂಗೇ ಶೀಟಿಗೆ ತಂದಿದ್ದೆ, ಫೈನಲ್ ಬಿಲ್ 84,280 ಇತ್ತು, ನನ್ನ ಶೀಟಲ್ಲಿ 85,960 ಬಂತು. ಎರಡು ರಾತ್ರಿ ಕೂತು ಒಂದೊಂದೇ ಸಾಲು ನೋಡಿದ್ರೂ ಸಿಗ್ಲಿಲ್ಲ, ಗುಣಾಕಾರ ಎಲ್ಲಾ ಸರಿ ಇತ್ತು. ಆಮೇಲೆ ರೂಮು, ನರ್ಸಿಂಗ್, ಆಪರೇಷನ್, ಲ್ಯಾಬ್, ಔಷಧಿ ಅಂತ ಬೇರೆ ಬೇರೆ ಕೂಡಿಸಿ ಬಿಲ್ಲಿನ ಸಬ್‌ಟೋಟಲ್ ಜೊತೆ ಇಟ್ಟು ನೋಡ್ದೆ. ಔಷಧಿ ಒಂದೇ ತಪ್ಪು, 22,630 ಇರ್ಬೇಕಾದ್ದು 24,310. ವ್ಯತ್ಯಾಸ 1,680, ಅರ್ಧ ಮಾಡಿದ್ರೆ 840. ಬಿಲ್ಲಲ್ಲಿ 840 ಹುಡುಕಿದ್ರೆ ಅದು ನಾವು ಉಳಿದ ಇಂಜೆಕ್ಷನ್ ವಾಪಸ್ ಕೊಟ್ಟಿದ್ದು, ಮೈನಸ್ ಗೆರೆ ಸಣ್ಣದು, ಫೋಟೋದಿಂದ ಬರೋವಾಗ ಬಿದ್ದೋಗಿ ಕಳೀಬೇಕಾದ್ದು ಕೂಡಿತ್ತು. ರಿಟರ್ನ್ ಇದ್ದವ್ರು ಮೊದ್ಲು ಅದನ್ನೇ ನೋಡಿ. ಪುಟದ ಕೊನೆಲಿ ಬರೋ ಟೋಟಲ್ ಮುಂದಿನ ಪುಟದ ಮೇಲೂ ಇರುತ್ತೆ, ಅದೂ ಐಟಂ ಥರ ಒಳಗೆ ಸೇರ್ಕೊಳ್ಳುತ್ತೆ, ಅದನ್ನೂ ಅಳಿಸ್ಬೇಕು.

ಕೇಳಿದವ್ರು: ಥ್ಯಾಂಕ್ಸ್ ಎಲ್ರಿಗೂ, ನಮ್ದರಲ್ಲೂ ಎರಡು ರಿಟರ್ನ್ ಇದೆ. ಅಂದ್ರೆ ಈ ಶೀಟ್ ಪ್ರಿಂಟ್ ತೆಗ್ದು ಕಳ್ಸಿದ್ರೆ ಸಾಕಾ?

ಬಿಲ್ಲಿಂಗಲ್ಲಿ ಇದ್ದವಳು: ಸಾಕಾಗಲ್ಲ ಸರ್, ನೀವು ಟೈಪ್ ಮಾಡಿದ್ದು ದಾಖಲೆ ಅಲ್ಲ. ಅವ್ರಿಗೆ ಬೇಕಿರೋದು ಆಸ್ಪತ್ರೆಯವ್ರು ಸೀಲ್ ಹಾಕಿ ಕೊಟ್ಟ ಒರಿಜಿನಲ್ ಬ್ರೇಕಪ್ ಬಿಲ್ಲು, ಜೊತೆಗೆ ರಸೀದಿ, ಡಿಸ್ಚಾರ್ಜ್ ಸಮ್ಮರಿ, ರಿಪೋರ್ಟ್‌ಗಳು. ಕ್ಲೇಮ್ ಫಾರ್ಮಿನ ಮೊದ್ಲ ಭಾಗದಲ್ಲೂ ಬಿಲ್ ನಂಬರ್, ತಾರೀಖು, ಯಾರು ಕೊಟ್ಟಿದ್ದು, ಯಾತಕ್ಕೆ, ಎಷ್ಟು ಅಂತ ಒಂದೊಂದು ಬಿಲ್ಲಿಗೆ ಒಂದೊಂದು ಸಾಲು ಕೇಳ್ತಾರೆ, ಒಂದೊಂದು ಮಾತ್ರೆಗಲ್ಲ. ಶೀಟಿನ ಉಪಯೋಗ ಅಂದ್ರೆ ಬಿಲ್ಲು ತಾಳೆ ಆಗುತ್ತಾ ನೋಡೋಕೆ, ನಾಳೆ ಕಡಿಮೆ ಕೊಟ್ರೆ ಯಾವ ಸಾಲು ಕಟ್ ಮಾಡಿದ್ರು ಅಂತ ಹಿಡಿದು ಕೇಳೋಕೆ. ನಿಮ್ಮದ್ರಲ್ಲಿ ಇರೋದು ಬ್ರೇಕಪ್ಪಾ ಬರೀ ಸಮ್ಮರಿನಾ ಮೊದ್ಲು ನೋಡಿ.

ಮೈಸೂರಿಂದ: ನಮ್ಮನೇಲಿ ಶೀಟೂ ಜೊತೇಲಿಟ್ಟು ಕಳ್ಸಿದ್ವಿ, ಒಂದೂ ಕ್ವೆರಿ ಬರ್ಲಿಲ್ಲ. ಅದ್ರಿಂದಾನೇ ಅಂತ ಹೇಳೋಕಾಗಲ್ಲ, ಆದ್ರೂ ಇಡಿ.

ಕೇಳಿದವ್ರು: ಈಗ ನೋಡ್ದೆ, ಔಷಧಿದು ಎಲ್ಲಾ ಸೇರಿಸಿ ಒಂದೇ ಸಾಲಿದೆ. ನಾಳೆ ತಮ್ಮನ್ನ ಆಸ್ಪತ್ರೆಗೆ ಕಳಿಸಿ ಫಾರ್ಮಸಿ ಬ್ರೇಕಪ್ ಕೇಳಿಸ್ತೀನಿ.