ವೈನಿ, ಹೊಟ್ಟೆ ಇಳಿಯಲು ಕ್ರಂಚಸ್ ಎಣಿಸಬೇಡಿ

"ಎರಡು ತಿಂಗಳಾಯ್ತು, ದಿನಾ ಮೂರು ನಿಮಿಷ ಪ್ಲ್ಯಾಂಕ್, ನೂರು ಕ್ರಂಚಸ್ ಮಾಡ್ಲಾಕತ್ತೀನಿ. ಹೊಟ್ಟಿ ಹಾಂಗೇ ಅದ. ಇನ್ನಾ ಎಷ್ಟು ಮಾಡಬೇಕು?"

ವೈನಿ, ಇನ್ನು ಜಾಸ್ತಿ ಮಾಡಬೇಡಿ. ಈಗ ಮಾಡುತ್ತಿರುವುದನ್ನೂ ಕಡಿಮೆ ಮಾಡಿ. ಸ್ವಲ್ಪ ಉದ್ದ ಆಗುತ್ತದೆ, ರೊಟ್ಟಿ ಬಡಿಯುತ್ತಾ ಕೇಳಿ.

ಕ್ರಂಚಸ್ ಮಾಡುವಾಗ ಹೊಟ್ಟೆ ಉರಿಯುತ್ತದೆ, ಅಲ್ವಾ? ಅದು ಸ್ನಾಯು ದಣಿದ ಉರಿ. ಅಲ್ಲಿ ಕೊಬ್ಬು ಕರಗುತ್ತಿದೆ ಅಂತ ಅದರ ಅರ್ಥ ಅಲ್ಲ. ಹೊಟ್ಟೆಯ ಸ್ನಾಯು ತನ್ನ ಮೇಲೇ ಕೂತಿರುವ ಕೊಬ್ಬನ್ನು ನೇರವಾಗಿ ತೆಗೆದುಕೊಂಡು ಸುಡುವುದಿಲ್ಲ. ಕೊಬ್ಬು ಮೊದಲು ರಕ್ತಕ್ಕೆ ಇಳಿಯಬೇಕು. ಇಳಿ ಅಂತ ಹೇಳುವುದು ಹಾರ್ಮೋನುಗಳು, ಅವು ರಕ್ತದ ಜೊತೆ ಮೈಯೆಲ್ಲ ಸುತ್ತುತ್ತವೆ. ಹಾಗಾಗಿ ಕೆಲಸ ಹೊಟ್ಟೆಯದಾದರೂ ಕೊಬ್ಬು ಬರುವುದು ಕೈ, ಮುಖ, ತೊಡೆ, ಬೆನ್ನು ಎಲ್ಲ ಕಡೆಯಿಂದ. ಎಲ್ಲಿಂದ ಮೊದಲು ಹೋಗುತ್ತದೆ ಎಂಬುದು ಮನೆತನದ ಮೈಕಟ್ಟು, ವಯಸ್ಸು, ಹೆಣ್ಣೋ ಗಂಡೋ ಎಂಬುದರ ಮೇಲೆ ನಿಂತಿದೆ. ತುಂಬಾ ಜನರಲ್ಲಿ ಮುಖ, ಕೈ ಮೊದಲು ಇಳಿಯುತ್ತವೆ, ಕೆಳಹೊಟ್ಟೆ ಕೊನೆಗೆ.

ಇದನ್ನು 1984ರಲ್ಲೇ ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. 27 ದಿನಗಳಲ್ಲಿ ಒಬ್ಬೊಬ್ಬರ ಕೈಲಿ ಐದು ಸಾವಿರ ಸಿಟ್-ಅಪ್ ಮಾಡಿಸಿದರು. ಹೊಟ್ಟೆ, ಬೆನ್ನು, ಪಿರ್ರೆ ಮೂರೂ ಕಡೆಯಿಂದ ಸೂಜಿಯಲ್ಲಿ ಕೊಬ್ಬು ತೆಗೆದು ಅಳೆದರು. ಕೊಬ್ಬಿನ ಕಣಗಳು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಸಮ ಕುಗ್ಗಿದ್ದವು. ಹೊಟ್ಟೆಯಲ್ಲಿ ಮಾತ್ರ ಜಾಸ್ತಿ ಕುಗ್ಗಿರಲಿಲ್ಲ.

ಈಗ ನಿಮ್ಮ ಲೆಕ್ಕ ನೋಡೋಣ. ಮೂರು ನಿಮಿಷ ಪ್ಲ್ಯಾಂಕ್, ನೂರು ಕ್ರಂಚಸ್ ಸೇರಿದರೆ ಮೂವತ್ತು, ನಲವತ್ತು ಕ್ಯಾಲರಿ ಖರ್ಚಾಗಬಹುದು. ಶೇಂಗಾ ಹಿಂಡಿ ಮೇಲೆ ಹಾಕಿಕೊಳ್ಳುವ ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ನೂರಾ ಇಪ್ಪತ್ತು ಕ್ಯಾಲರಿ ಇದೆ. ಅಂದರೆ ಆ ಒಂದು ಚಮಚಕ್ಕೆ ನಿಮ್ಮ ಮೂರು ದಿನದ ಪ್ಲ್ಯಾಂಕ್ ಹೋಯಿತು. ರೊಟ್ಟಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ರೊಟ್ಟಿಯನ್ನು ಬೈಯುವವರ ಮಾತು ಕೇಳಬೇಡಿ. ಹಿಂಡಿ ಮೇಲಿನ ಎಣ್ಣೆಯನ್ನು ದೊಡ್ಡ ಚಮಚದ ಬದಲು ಸಣ್ಣ ಚಮಚಕ್ಕೆ ಇಳಿಸಿ. ಪಲ್ಯದ ಒಗ್ಗರಣೆಯಲ್ಲಿ ನಿಮ್ಮ ಪಾಲಿಗೆ ಬರುವ ಎಣ್ಣೆಯನ್ನೂ ಅಷ್ಟೇ ಕಡಿಮೆ ಮಾಡಿ. ಮೂರು ಸಲ ಕುಡಿಯುವ ಚಹಾಕ್ಕೆ ಎರಡು ಚಮಚದ ಬದಲು ಒಂದು ಚಮಚ ಸಕ್ಕರೆ ಹಾಕಿ. ಇಷ್ಟರಲ್ಲೇ ದಿನಕ್ಕೆ ಇನ್ನೂರು ಕ್ಯಾಲರಿ ಉಳಿಯುತ್ತದೆ. ಅಪ್ಪನ ಕೆರೆಯ ಹತ್ತಿರ ಬೆಳಿಗ್ಗೆ ಅರ್ಧ ತಾಸು ಜೋರಾಗಿ ನಡೆದರೆ ಇನ್ನೂ ನೂರರಷ್ಟು ಸೇರುತ್ತದೆ. ಬೇಸಿಗೆಯಲ್ಲಿ ಬಿಸಿಲು ಏರುವ ಮೊದಲೇ ಮುಗಿಸಿ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ದಿನಕ್ಕೆ ಮುನ್ನೂರು ಕಡಿಮೆಯಾದರೆ ತಿಂಗಳಿಗೆ ಒಂದು ಕೆಜಿ ಆಸುಪಾಸು ಇಳಿಯುತ್ತದೆ. ನಿಧಾನ ಅನಿಸಬಹುದು, ಆದರೆ ಹಬ್ಬ, ಮದುವೆ ನಡುವೆಯೂ ನಡೆಸಿಕೊಂಡು ಹೋಗಲು ಆಗುವುದು ಇಷ್ಟೇ. ಬೇಳೆ ಗಟ್ಟಿಯಾಗಿರಲಿ, ಊಟಕ್ಕೆ ಮೊಸರೋ ಮೊಟ್ಟೆಯೋ ಇರಲಿ. ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ.

ಹಾಗಾದರೆ ಹೊಟ್ಟೆಯ ವ್ಯಾಯಾಮ ಬೇಡವೇ? ಬೇಕು. ಆ ಸ್ನಾಯುಗಳು ನಡುವನ್ನು ಅಲುಗಾಡದಂತೆ ಹಿಡಿಯುತ್ತವೆ. ಅಕ್ಕಿ ಚೀಲ ಎತ್ತುವಾಗ ಸೊಂಟ ಹಿಡಿಯದಂತೆ ಕಾಯುವುದರಲ್ಲಿ ಅವುಗಳ ಪಾಲು ದೊಡ್ಡದು. ಆದರೆ ಶುರು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ನಿಮಗೆ ಎರಡು ಹೆರಿಗೆ ಆಗಿದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಚಾಪೆ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ. ಹೊಕ್ಕಳಿನ ಸ್ವಲ್ಪ ಮೇಲೆ, ನಡುಗೆರೆಯಲ್ಲಿ ಬೆರಳುಗಳನ್ನು ಅಡ್ಡ ಇಡಿ. ತಲೆ ಮಾತ್ರ ಮೆಲ್ಲಗೆ ಎತ್ತಿ. ಎರಡೂ ಪಕ್ಕದ ಸ್ನಾಯು ಗಟ್ಟಿಯಾಗುವುದು ತಿಳಿಯುತ್ತದೆ. ನಡುವೆ ಎರಡು ಬೆರಳಿಗಿಂತ ಜಾಸ್ತಿ ಜಾಗ ಸಿಕ್ಕರೆ ಅಥವಾ ನಡುಗೆರೆ ಉದ್ದಕ್ಕೂ ದಿಬ್ಬದ ಹಾಗೆ ಉಬ್ಬಿದರೆ, ಬಸಿರಿನಲ್ಲಿ ಸರಿದ ಸ್ನಾಯುಗಳು ಇನ್ನೂ ಹತ್ತಿರ ಬಂದಿಲ್ಲ ಅಂತ. ಕೊಬ್ಬು ಕಡಿಮೆ ಇದ್ದರೂ ಇಂಥವರ ಹೊಟ್ಟೆ ಸಂಜೆಗೆ ಮುಂದೆ ಬಂದ ಹಾಗೆ ಕಾಣುತ್ತದೆ. ವ್ಯಾಯಾಮ ಮಾಡುವಾಗ ಆ ದಿಬ್ಬ ಏಳುತ್ತಿದ್ದರೆ ಆ ವ್ಯಾಯಾಮ ನಿಮ್ಮ ಈಗಿನ ಶಕ್ತಿಗೆ ಜಾಸ್ತಿ ಆಯಿತು, ಸದ್ಯಕ್ಕೆ ನಿಲ್ಲಿಸಿ. ಹೊಕ್ಕಳ ಹತ್ತಿರ ಗಂಟಿನ ಹಾಗೆ ಬಂದು ನೋಯುತ್ತಿದ್ದರೆ ಅದು ಹರ್ನಿಯಾ ಇರಬಹುದು, ಮೊದಲು ಡಾಕ್ಟರಿಗೆ ತೋರಿಸಿ.

ಈಗ ಮಾಡುವುದು ಏನು ಅಂತ ಹೇಳುತ್ತೇನೆ. ವಾರಕ್ಕೆ ಮೂರು ದಿನ, ಹತ್ತು ಹನ್ನೆರಡು ನಿಮಿಷ ಸಾಕು. ಮೊದಲು ಡೆಡ್ ಬಗ್. ಅಂಗಾತ ಮಲಗಿ ಕೈ ಎರಡೂ ಸೀದಾ ಮೇಲಕ್ಕೆ, ಮೊಣಕಾಲು ಮಡಚಿ ಸೊಂಟದ ಮೇಲಕ್ಕೆ. ಉಸಿರು ಪೂರ್ತಿ ಬಿಡುತ್ತಾ ಬಲಗೈಯನ್ನು ತಲೆ ಕಡೆಗೆ, ಎಡಗಾಲನ್ನು ಮುಂದಕ್ಕೆ ಇಳಿಸಿ. ಮತ್ತೆ ವಾಪಸ್ ತಂದು ಇನ್ನೊಂದು ಕಡೆ. ಈ ಹೊತ್ತಿನಲ್ಲಿ ನಡು ನೆಲದಿಂದ ಏಳಬಾರದು. ನಡುವಿನ ಕೆಳಗೆ ದುಪಟ್ಟಾ ಅಂಚು ಇಟ್ಟುಕೊಂಡು ಮಗಳಿಗೆ ಮೆಲ್ಲಗೆ ಎಳೆಯಲು ಹೇಳಿ. ದುಪಟ್ಟಾ ಸುಲಭವಾಗಿ ಜಾರಿ ಬಂದರೆ ನಡು ಎದ್ದಿದೆ. ಆಗ ಕಾಲನ್ನು ಅಷ್ಟು ಕೆಳಗೆ ಒಯ್ಯಬೇಡಿ. ಒಂದೊಂದು ಕಡೆಗೆ ಆರು ಸಲ, ಎರಡು ಸುತ್ತು.

ಆಮೇಲೆ ಮೊಣಕಾಲು ಊರಿ ಸೈಡ್ ಪ್ಲ್ಯಾಂಕ್, ಅಂದರೆ ಒಂದು ಪಕ್ಕಕ್ಕೆ ಮಲಗಿ ಮೊಣಕೈ, ಮೊಣಕಾಲಿನ ಮೇಲೆ ಸೊಂಟ ಎತ್ತಿ ಹಿಡಿಯುವುದು, ಹತ್ತು ಸೆಕೆಂಡಿನಂತೆ ಒಂದೊಂದು ಕಡೆ ಮೂರು ಸಲ. ಕೊನೆಗೆ ಒಂದೇ ಕೈಯಲ್ಲಿ ನೀರಿನ ಬಕೆಟ್ ಹಿಡಿದು ಅಂಗಳದಲ್ಲಿ ಮೂವತ್ತು ಹೆಜ್ಜೆ. ಎಂಟು ಲೀಟರ್ ನೀರು ಅಂದರೆ ಎಂಟು ಕೆಜಿ, ಶುರುವಿಗೆ ಅಷ್ಟಿರಲಿ. ಮೈ ಬಕೆಟ್ ಕಡೆಗೂ ವಾಲಬಾರದು, ಆಚೆ ಕಡೆಗೂ ವಾಲಬಾರದು. ಆಮೇಲೆ ಕೈ ಬದಲಿಸಿ.

ಪ್ಲ್ಯಾಂಕ್ ಬಿಡಲು ಮನಸ್ಸಿಲ್ಲ ಅಂದರೆ ಮಾಡಿ, ಆದರೆ ಮೂರು ನಿಮಿಷ ಬೇಡ. ಒಂದು ನಿಮಿಷ ಆದಮೇಲೆ ಹೆಚ್ಚಿನವರ ಸೊಂಟ ಜೋಲುತ್ತದೆ, ಉಸಿರು ಕಟ್ಟುತ್ತದೆ. ಭಾರ ಎಲ್ಲ ಕೆಳಬೆನ್ನಿಗೆ ಬೀಳುತ್ತದೆ. ಪಿರ್ರೆ ಬಿಗಿ ಹಿಡಿದು, ಪಕ್ಕೆಲುಬು ಕೆಳಗೆ ಎಳೆದು, ಉಸಿರಾಡುತ್ತಾ ಇಪ್ಪತ್ತು ಸೆಕೆಂಡ್ ಮೂರು ಸಲ ಮಾಡಿದರೆ ಅದೇ ಜಾಸ್ತಿ. ಕೆಳಬೆನ್ನು ನೋಯಲು ಶುರುವಾದರೆ ಅಲ್ಲೇ ಇಳಿಯಿರಿ. ಹಗುರ ಅನಿಸಿದಾಗ ಹೊತ್ತು ಹೆಚ್ಚಿಸಬೇಡಿ, ಒಂದು ಕಾಲು ಎತ್ತಿ ಕಷ್ಟ ಮಾಡಿಕೊಳ್ಳಿ. ಇವುಗಳ ಜೊತೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಊರಿ ದಂಡ ಹೊಡೆಯುವುದು ಸೇರಿಸಿ. ತೊಡೆ, ಎದೆ, ತೋಳಿನ ದೊಡ್ಡ ಸ್ನಾಯುಗಳೂ ಕೆಲಸ ಮಾಡಬೇಕು.

ಕನ್ನಡಿ ನೋಡಿ ತೀರ್ಮಾನ ಮಾಡಬೇಡಿ. ಗ್ಯಾಸು, ಉಪ್ಪು, ಮುಟ್ಟಿನ ದಿನಗಳಿಂದ ಹೊಟ್ಟೆ ದಿನಕ್ಕೊಂದು ತರಹ ಕಾಣುತ್ತದೆ. ವಾರಕ್ಕೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಶೌಚ ಆದ ಮೇಲೆ, ಹೊಕ್ಕಳ ಮಟ್ಟದಲ್ಲಿ ಟೇಪ್ ಹಿಡಿದು ಅಳೆಯಿರಿ. ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳೆಯಿರಿ, ಹೊಟ್ಟೆ ಒಳಗೆ ಎಳೆಯಬೇಡಿ. ಈ ತಿಂಗಳ ನಾಲ್ಕು ಅಳತೆಯನ್ನು ಮುಂದಿನ ತಿಂಗಳ ನಾಲ್ಕರ ಜೊತೆ ಹೋಲಿಸಿ. ಒಂದು ಸೆಂಟಿಮೀಟರ್ ಇಳಿದರೂ ದಾರಿ ಸರಿ ಇದೆ. ಎರಡು ತಿಂಗಳಾದರೂ ಏನೂ ಇಳಿಯದಿದ್ದರೆ ವ್ಯಾಯಾಮ ಹೆಚ್ಚಿಸುವ ಮೊದಲು ಎಣ್ಣೆ ಡಬ್ಬಿ ನೋಡೋಣ, ಮನೆಯಲ್ಲಿ ತಿಂಗಳಿಗೆ ಎಷ್ಟು ಖಾಲಿಯಾಗುತ್ತಿದೆ ಅಂತ.

ಮೊದಲು ಆ ಬೆರಳಿನ ಪರೀಕ್ಷೆ ಮಾಡಿ. ಎಷ್ಟು ಬೆರಳು ಹಿಡಿಸಿದವು, ದಿಬ್ಬ ಎದ್ದಿತಾ ಅನ್ನುವುದನ್ನು ಗ್ರೂಪಿನಲ್ಲಿ ಹಾಕುವುದು ಬೇಡ, ನನ್ನ ನಂಬರಿಗೆ ಕಳಿಸಿ. ಅದನ್ನು ನೋಡಿ ಪ್ಲ್ಯಾಂಕ್ ಇಡುವುದೋ ಬಿಡುವುದೋ ಹೇಳುತ್ತೇನೆ.